ಕ್ರಯ, ಅಡಮಾನ, ಗುತ್ತಿಗೆ, ದಾನ ಒಂದೇ ಚಾರ್ಟಿನಲ್ಲಿ: ಬೆಂಗಳೂರಿನ ‘ಲೀಸ್ ಮನೆ’ ಯಾವ ಕಾಲಂಗೆ ಸೇರುತ್ತದೆ?

ಎಲ್‌ಎಲ್‌ಬಿ ಕೊನೇ ವರ್ಷ

ಎಲ್ಲರಿಗೂ ನಮಸ್ಕಾರ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ನಾಲ್ಕು ಮುಖ್ಯ ವರ್ಗಾವಣೆಗಳನ್ನು ಒಂದೇ ಚಾರ್ಟಿನಲ್ಲಿ ಹಾಕಿದ್ದೇನೆ. ಪರೀಕ್ಷೆಗೆ ಅಂತ ಮಾಡಿದ್ದು. ಆದರೆ ಮನೆಯಲ್ಲಿ ಅಪ್ಪ ನೋಡಿ, “ನಮ್ಮ ಅತ್ತೆ ಮನೆ ಲೀಸಿಗೆ ಕೊಟ್ಟಿದ್ದಾರಲ್ಲ, ಅದು ಇದರಲ್ಲಿ ಎಲ್ಲಿ?” ಅಂದರು. ಗುತ್ತಿಗೆ ಕಾಲಂ ತೋರಿಸಿದೆ. “ಅಲ್ಲಿ ಬಾಡಿಗೆ ಅಂತ ಬರೆದಿದ್ದೀಯ, ಅತ್ತೆಗೆ ಯಾರೂ ಬಾಡಿಗೆ ಕೊಡಲ್ವಲ್ಲ” ಅಂದರು. ಉತ್ತರ ಹೊಳೆಯಲಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

| | ಕ್ರಯ | ಅಡಮಾನ | ಗುತ್ತಿಗೆ (ಲೀಸ್) | ದಾನ |
|---|---|---|---|---|
| ಸೆಕ್ಷನ್ | 54 | 58 | 105 | 122 |
| ಏನು ಕೈ ಬದಲಾಗುತ್ತದೆ | ಪೂರ್ತಿ ಒಡೆತನ | ಸಾಲಕ್ಕೆ ಭದ್ರತೆಯಾಗಿ ಒಂದು ಹಕ್ಕು | ಅನುಭವಿಸುವ ಹಕ್ಕು ಮಾತ್ರ | ಪೂರ್ತಿ ಒಡೆತನ |
| ಪ್ರತಿಯಾಗಿ ಏನು | ಬೆಲೆ | ಸಾಲದ ಹಣ | ಬಾಡಿಗೆ, ಒಂದೇ ಗಂಟು ಹಣ, ಬೆಳೆಯ ಪಾಲು ಅಥವಾ ಸೇವೆ | ಏನೂ ಇಲ್ಲ |
| ಆಸ್ತಿ ವಾಪಸ್ ಬರುತ್ತದಾ | ಇಲ್ಲ | ಸಾಲ ತೀರಿಸಿದರೆ ಬರಲೇಬೇಕು | ಅವಧಿ ಮುಗಿದರೆ ಬರುತ್ತದೆ | ಸಾಮಾನ್ಯವಾಗಿ ಇಲ್ಲ |
| ನೋಂದಣಿ | 100 ರೂ. ಮತ್ತು ಮೇಲ್ಪಟ್ಟರೆ ಕಡ್ಡಾಯ | 100 ರೂ. ಮತ್ತು ಮೇಲ್ಪಟ್ಟರೆ ಕಡ್ಡಾಯ. ಮೂಲಪತ್ರ ಇಟ್ಟು ಪಡೆದ ಸಾಲಕ್ಕೆ ಬೇಕಿಲ್ಲ | ಒಂದು ವರ್ಷ ಮೀರಿದರೆ, ಅಥವಾ ವರ್ಷದ ಲೆಕ್ಕದ ಬಾಡಿಗೆಯಾದರೆ ಕಡ್ಡಾಯ | ಬೆಲೆ ಎಷ್ಟೇ ಇರಲಿ ಕಡ್ಡಾಯ |
| ಸಾಕ್ಷಿಗಳು | ಈ ಕಾಯ್ದೆ ಕೇಳುವುದಿಲ್ಲ | ಕನಿಷ್ಠ ಇಬ್ಬರು | ಈ ಕಾಯ್ದೆ ಕೇಳುವುದಿಲ್ಲ | ಕನಿಷ್ಠ ಇಬ್ಬರು |

ಬ್ಯಾಂಕಿನಲ್ಲಿ ಮೂಲಪತ್ರ ಇಟ್ಟು ತೆಗೆಯುವ ಮನೆ ಸಾಲವೂ ಅಡಮಾನ ಕಾಲಂನಲ್ಲೇ ಬರುತ್ತದೆ. ಅತ್ತೆಯ ಮನೆ ಎಲ್ಲಿ ಬರುತ್ತದೆ ಹೇಳಿ.

ಬಾಂಡ್ ರೈಟರ್

ಚಾರ್ಟ್ ಚೆನ್ನಾಗಿದೆ ತಂಗಿ. ನಿಮ್ಮ ಅತ್ತೆಯದು ಲೀಸೇ, ಅನುಮಾನ ಬೇಡ. ನಾನು ತಿಂಗಳಿಗೆ ಎಷ್ಟೋ ಬರೆಯುತ್ತೇನೆ. ಬಾಡಿಗೆ ಇಲ್ಲದಿದ್ದರೆ ಏನಾಯ್ತು, 10 ಲಕ್ಷ, 15 ಲಕ್ಷ ಒಂದೇ ಸಲ ಕೊಟ್ಟಿರುತ್ತಾರಲ್ಲ? ಸೆಕ್ಷನ್ 105ರಲ್ಲೇ ಒಂದೇ ಗಂಟಿನಲ್ಲಿ ಬೆಲೆ ಕೊಡಬಹುದು ಅಂತ ಇದೆ. 11 ತಿಂಗಳಿಗೆ ಬರೆದು, ಆಮೇಲೆ ಮುಂದುವರಿಸುತ್ತಾ ಹೋದರೆ ನೋಂದಣಿಯ ತಲೆನೋವೂ ಇಲ್ಲ.

ನಿವೃತ್ತ ಉಪನೋಂದಣಾಧಿಕಾರಿ

ಬಾಂಡ್ ರೈಟರ್ ಅವರೇ, ಅರ್ಧ ಸರಿ. ಲೀಸಿಗೆ ಒಂದೇ ಗಂಟು ಹಣ ಕೊಡಬಹುದು, ನಿಜ. ಆದರೆ ಆ ಹಣ ವಾಪಸ್ ಬರುವುದಿಲ್ಲ. ಅದು ಅನುಭವಿಸುವುದಕ್ಕೆ ಕೊಟ್ಟ ಬೆಲೆ. ನೀವು ಬರೆಯುವ ಕರಾರಿನಲ್ಲಿ ಏನಿರುತ್ತದೆ? “ಈ ಮೊತ್ತಕ್ಕೆ ಬಡ್ಡಿ ಇಲ್ಲ, ಮನೆಗೆ ಬಾಡಿಗೆ ಇಲ್ಲ. ಅವಧಿ ಮುಗಿದ ಮೇಲೆ ಮಾಲೀಕರು ಪೂರ್ತಿ ಮೊತ್ತ ಹಿಂದಿರುಗಿಸತಕ್ಕದ್ದು. ಹಿಂದಿರುಗಿಸುವ ತನಕ ಎರಡನೇ ಪಾರ್ಟಿಯವರು ಸ್ವಾಧೀನದಲ್ಲಿ ಮುಂದುವರಿಯತಕ್ಕದ್ದು.” ಹೌದಲ್ವಾ?

ಈಗ ಸೆಕ್ಷನ್ 58ರ ಡಿ ಭಾಗ ತೆಗೆದು ನೋಡಿ. ಸಾಲ ಕೊಟ್ಟವನಿಗೆ ಸ್ವಾಧೀನ ಕೊಡುವುದು, ಹಣ ತೀರುವ ತನಕ ಅವನು ಇಟ್ಟುಕೊಳ್ಳುವುದು, ಬಡ್ಡಿಯ ಬದಲು ಆಸ್ತಿಯ ಆದಾಯ ಅನುಭವಿಸುವುದು. ನಮ್ಮ ಹಿರಿಯರು ಭೋಗ್ಯ ಅಂತ ಕರೆದದ್ದು ಇದನ್ನೇ. ಕರಾರಿನ ತಲೆಬರಹದಲ್ಲಿ ‘ಲೀಸ್ ಅಗ್ರಿಮೆಂಟ್’ ಅಂತ ದಪ್ಪಕ್ಷರದಲ್ಲಿ ಇರುತ್ತದೆ, ಒಳಗಿನ ಷರತ್ತುಗಳೆಲ್ಲ ಅಡಮಾನದ್ದು. ಕೋರ್ಟು ತಲೆಬರಹ ಓದಿ ತೀರ್ಮಾನಿಸುವುದಿಲ್ಲ, ಒಳಗಿನದ್ದನ್ನು ಓದುತ್ತದೆ.

ಇನ್ನು 11 ತಿಂಗಳ ವಿಷಯ. ಈ ತಂಗಿಯ ಚಾರ್ಟಿನ ನೋಂದಣಿ ಸಾಲು ನೋಡಿ. ‘ಒಂದು ವರ್ಷ’ ಎನ್ನುವ ರಿಯಾಯಿತಿ ಇರುವುದು ಗುತ್ತಿಗೆ ಕಾಲಂನಲ್ಲಿ ಮಾತ್ರ. ಅಡಮಾನ ಕಾಲಂನಲ್ಲಿ ಕಾಲದ ಮಾತೇ ಇಲ್ಲ, ಮೊತ್ತದ ಮಾತು ಇದೆ. ಅಂದರೆ ಆ ಪತ್ರ ಅಡಮಾನ ಅಂತ ಆಯಿತೋ, 11 ತಿಂಗಳು ಅಂತ ಬರೆದದ್ದು ಯಾವ ಉಪಯೋಗಕ್ಕೂ ಬರುವುದಿಲ್ಲ. ಇಬ್ಬರು ಸಾಕ್ಷಿ, ನೋಂದಣಿ, ಎರಡೂ ಬೇಕು.

ಜನ ಯಾಕೆ ನೋಂದಣಿ ಮಾಡಿಸುವುದಿಲ್ಲ ಅಂತಲೂ ಗೊತ್ತು. ಸ್ವಾಧೀನ ಕೊಟ್ಟ ಅಡಮಾನಕ್ಕೆ ಸ್ಟಾಂಪ್ ಡ್ಯೂಟಿ ಜಾಸ್ತಿ, ಸ್ವಾಧೀನ ಕೊಡದ್ದಕ್ಕೆ ಕಡಿಮೆ. ಹಾಗಾಗಿ 500 ರೂಪಾಯಿಯ ಸ್ಟಾಂಪ್ ಪೇಪರ್, ಮೇಲೊಂದು ನೋಟರಿ ಸೀಲು, ಅಷ್ಟಕ್ಕೇ ಮುಗಿಸುತ್ತಾರೆ. ನೋಟರಿ ಸೀಲು ನೋಂದಣಿ ಅಲ್ಲ. ನಾಳೆ ಅದೇ ಪತ್ರ ಕೋರ್ಟಿಗೆ ಹೋದರೆ ಮೊದಲು ಕಡಿಮೆ ಬಿದ್ದ ಡ್ಯೂಟಿ, ಅದರ ಮೇಲೆ ಹತ್ತು ಪಟ್ಟು ದಂಡ ಕಟ್ಟಿ ಅಂತಾರೆ.

ನಾಗರಬಾವಿ 2ನೇ ಮಹಡಿ

ಸರ್, ಇದನ್ನು ಓದಿ ಕೈಕಾಲು ತಣ್ಣಗಾಯ್ತು. ನಮ್ಮದೇ ಕಥೆ ಇದು. 2023ರಲ್ಲಿ 2 ಬೆಡ್‌ರೂಂ ಮನೆ, 15 ಲಕ್ಷಕ್ಕೆ 3 ವರ್ಷದ ಲೀಸ್. ಸ್ಟಾಂಪ್ ಪೇಪರ್, ನೋಟರಿ, ನೀವು ಹೇಳಿದ ಹಾಗೇ. ಹೋದ ವಾರ ಗೇಟಿಗೆ ಬ್ಯಾಂಕಿನವರು ನೋಟಿಸ್ ಅಂಟಿಸಿ ಹೋದರು. ಮಾಲೀಕರು 2019ರಲ್ಲೇ ಆ ಕಟ್ಟಡದ ಮೇಲೆ ಸಾಲ ತೆಗೆದಿದ್ದರಂತೆ, ಕಂತು ಕಟ್ಟಿಲ್ಲವಂತೆ. ಈಗ ಅವರು ಫೋನ್ ಎತ್ತುವುದಿಲ್ಲ. ನಮ್ಮ 15 ಲಕ್ಷ ಬ್ಯಾಂಕಿನವರು ಕೊಡುತ್ತಾರಾ? ನಮ್ಮದು ಲೀಸ್ ಆದರೆ ಒಳ್ಳೆಯದಾ, ಅಡಮಾನ ಆದರೆ ಒಳ್ಳೆಯದಾ? ಹೆಂಡತಿ ರಾತ್ರಿಯೆಲ್ಲ ಕೂತು ಅಳುತ್ತಾಳೆ.

ಬಾಂಡ್ ರೈಟರ್

ಅಯ್ಯೋ ಅಣ್ಣ, ಆಸ್ತಿಯ ಮೇಲೆ ನೋಂದಣಿ ಆದ ಸಾಲ, ಮಾರಾಟ ಎಲ್ಲ ತೋರಿಸುವ ಋಣಭಾರ ಪತ್ರ, ಇಸಿ, ತೆಗೆಸಿರಲಿಲ್ವಾ?

ನಾಗರಬಾವಿ 2ನೇ ಮಹಡಿ

ತೆಗೆಸಿದ್ದೆ. ಅದರಲ್ಲಿ ಏನೂ ಬಂದಿರಲಿಲ್ಲ. ಅದನ್ನು ನಂಬಿಯೇ ದುಡ್ಡು ಕೊಟ್ಟಿದ್ದು.

ಮೈಸೂರು ವಕೀಲೆ

ಇಸಿಯಲ್ಲಿ ಬರದಿರುವುದು ಸಾಧ್ಯ. ಮೂಲಪತ್ರ ಬ್ಯಾಂಕಿಗೆ ಕೊಟ್ಟು ಸಾಲ ತೆಗೆದರೆ ಅಡಮಾನ ಆಗಿಹೋಗುತ್ತದೆ. ಅದಕ್ಕೆ ನೋಂದಣಿ ಕಡ್ಡಾಯ ಅಲ್ಲ. ಚಾರ್ಟಿನಲ್ಲಿ ಈ ತಂಗಿ ಸರಿಯಾಗಿಯೇ ಬರೆದಿದ್ದಾಳೆ. ನಮ್ಮಲ್ಲಿ ಬ್ಯಾಂಕುಗಳು ಆ ಬಗ್ಗೆ ಒಂದು ಪತ್ರ ನೋಂದಾಯಿಸುವುದು ಜಾಸ್ತಿ, ಆಗ ಇಸಿಯಲ್ಲಿ ಬರುತ್ತದೆ. ನೋಂದಾಯಿಸದಿದ್ದರೆ ಬರುವುದಿಲ್ಲ. ಅಂಥದ್ದಕ್ಕೆ ಸರ್ಸಾಯಿ ಅಂತ ಕೇಂದ್ರದ ದಾಖಲೆ ಇದೆ, 2011ರಿಂದ. ಬ್ಯಾಂಕುಗಳು ಅಲ್ಲಿ ತಮ್ಮ ಅಡಮಾನ ನಮೂದಿಸುತ್ತವೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಅದಕ್ಕಿಂತ ಸುಲಭದ ದಾರಿ ಒಂದಿದೆ. ಹಣ ಕೊಡುವ ಮೊದಲು ಮಾಲೀಕರ ಕ್ರಯಪತ್ರದ ಅಸಲು ತೋರಿಸಿ ಅನ್ನಿ. ಜೆರಾಕ್ಸ್ ತೋರಿಸಿ “ಅಸಲು ಲಾಕರ್‌ನಲ್ಲಿದೆ, ಊರಲ್ಲಿದೆ” ಅಂದರೆ ಅದು ಬ್ಯಾಂಕಿನಲ್ಲಿದೆ ಅಂತಲೇ ತಿಳಿಯಿರಿ.

ಈಗ ನಾಗರಬಾವಿಯವರ ವಿಷಯ. ಸಾರ್, ನಿಮ್ಮ ಪ್ರಶ್ನೆಗೆ ನೇರ ಉತ್ತರ: ಬ್ಯಾಂಕಿನ ಎದುರು ಅದು ಲೀಸ್ ಆದರೂ ಅಡಮಾನ ಆದರೂ ನಿಮಗೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ತಾರೀಕು ನೋಡಿ. ಬ್ಯಾಂಕಿನ ಹಕ್ಕು ಹುಟ್ಟಿದ್ದು 2019ರಲ್ಲಿ, ನಿಮ್ಮದು 2023ರಲ್ಲಿ. ಅಡಮಾನ ಅಂದುಕೊಂಡರೆ, ಒಂದೇ ಆಸ್ತಿಯ ಮೇಲೆ ಮೊದಲು ಹುಟ್ಟಿದ ಹಕ್ಕಿಗೆ ಮೊದಲ ಸ್ಥಾನ, ನಿಮ್ಮದು ಎರಡನೇ ಸ್ಥಾನ. ಅದೂ ನೋಂದಣಿ ಇಲ್ಲದ್ದರಿಂದ ಅಡಮಾನವಾಗಿ ನಿಲ್ಲುವುದೇ ಕಷ್ಟ.

ಲೀಸ್ ಅಂದುಕೊಳ್ಳೋಣ. ಆಗ ಸೆಕ್ಷನ್ 65-ಎ ಬರುತ್ತದೆ. ಅಡಮಾನ ಇಟ್ಟ ಮಾಲೀಕ ಮನೆಯನ್ನು ಲೀಸಿಗೆ ಕೊಡಬಹುದು, ಆದರೆ ಬ್ಯಾಂಕನ್ನು ಕಟ್ಟಿಹಾಕಬೇಕಾದರೆ ಆ ಲೀಸ್ ಕೆಲವು ಷರತ್ತಿನೊಳಗೆ ಇರಬೇಕು. ಸಿಗಬಹುದಾದ ಒಳ್ಳೆಯ ಬಾಡಿಗೆ ಇರಬೇಕು. ಬಾಡಿಗೆಯನ್ನು ಮುಂಗಡವಾಗಿ ತೆಗೆದುಕೊಳ್ಳಬಾರದು, ಪಗಡಿ ಥರದ ಹಣ ತೆಗೆದುಕೊಳ್ಳಬಾರದು. ಕಟ್ಟಡವಾದರೆ 3 ವರ್ಷ ಮೀರಬಾರದು. ನಿಮ್ಮದು 3 ವರ್ಷದೊಳಗೇ ಇದೆ. ಆದರೆ ಬಾಡಿಗೆ ಸೊನ್ನೆ, ಹಣ ಪೂರ್ತಿ ಮುಂಗಡ. ಅಲ್ಲೇ ಬಿದ್ದುಹೋಗುತ್ತದೆ. ಇದರ ಮೇಲೆ, ಬ್ಯಾಂಕಿನ ಸಾಲದ ಕರಾರಿನಲ್ಲಿ “ನಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡಕೂಡದು” ಅಂತ ಇದ್ದೇ ಇರುತ್ತದೆ.

ಹಾಗಾಗಿ ಬ್ಯಾಂಕ್ ನಿಮಗೆ 15 ಲಕ್ಷ ಕೊಡುವುದಿಲ್ಲ. ನೀವು ಹಣ ಕೊಟ್ಟಿದ್ದು ಮಾಲೀಕರಿಗೆ, ಕೇಳಬೇಕಾದದ್ದೂ ಅವರನ್ನೇ.

ನಾಗರಬಾವಿ 2ನೇ ಮಹಡಿ

ಹಾಗಾದರೆ ಬೀದಿಗೆ ಬಿದ್ದ ಹಾಗೇನಾ ಮೇಡಂ?

ಮೈಸೂರು ವಕೀಲೆ

ಹಾಗಲ್ಲ. ಮೊದಲು ಗೇಟಿನ ನೋಟಿಸ್ ಯಾವುದು ಅಂತ ಓದಿ. ಸಾಲ ಕಟ್ಟದವರ ಅಡಮಾನದ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ತೆಗೆದುಕೊಳ್ಳುವ ಸರ್ಫೇಸಿ ಕಾಯ್ದೆಯಲ್ಲಿ ಎರಡು ಹಂತ. ಮೊದಲನೆಯದು 13(2), 60 ದಿನದಲ್ಲಿ ಸಾಲ ಕಟ್ಟಿ ಅಂತ ಕೇಳುವುದು. ಎರಡನೆಯದು 13(4), ಸ್ವಾಧೀನ ತೆಗೆದುಕೊಂಡಿದ್ದೇವೆ ಅಂತ ಹೇಳುವುದು. ಗೇಟಿಗೆ ಅಂಟಿಸಿದ್ದಾರೆ ಅಂದರೆ ಎರಡನೆಯದೇ ಇರಬಹುದು. ಹೌದಾದರೆ ಅಲ್ಲಿಂದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬಹುದು. ಸಾಲ ತೆಗೆದವರು ಮಾತ್ರ ಅಲ್ಲ, ಒಳಗೆ ವಾಸ ಇರುವವರೂ ಹೋಗಬಹುದು. ಗೆಲ್ಲುತ್ತೀರಿ ಅಂತ ಹೇಳಲಾರೆ. 65-ಎ ವಿಷಯ ಅಲ್ಲೂ ಬರುತ್ತದೆ. ಆದರೆ ಮನೆ ಬಿಡಲು ಸಮಯ ಸಿಗುವುದುಂಟು.

ಎರಡನೆಯದು, ಮಾಲೀಕರ ಮೇಲೆ ಹಣದ ದಾವೆ. ನೋಂದಣಿ ಇಲ್ಲದ ಪತ್ರದಿಂದ ಮನೆಯ ಮೇಲೆ ಹಕ್ಕು ಸಾಧಿಸುವುದು ಕಷ್ಟ. ಆದರೆ 15 ಲಕ್ಷ ಕೊಟ್ಟಿದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಇದೆಯಲ್ಲ, ಹಣ ವಾಪಸ್ ಕೇಳಲು ಅಡ್ಡಿ ಇಲ್ಲ. ವಾಪಸ್ ಕೊಡಬೇಕಾದ ದಿನದಿಂದ 3 ವರ್ಷದೊಳಗೆ ಹಾಕಬೇಕು. ಅಡಮಾನ ಮುಚ್ಚಿಟ್ಟು ಹಣ ತೆಗೆದುಕೊಂಡಿದ್ದಾರೆ ಅನ್ನುವುದು ವಂಚನೆ ದೂರಿಗೂ ಆಗುತ್ತದೆ. ಸ್ಟೇಷನ್ನಿನಲ್ಲಿ “ಇದು ಸಿವಿಲ್ ಮ್ಯಾಟರ್” ಅಂತ ಕಳಿಸುವವರು ಇರುತ್ತಾರೆ, ಆದರೂ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಇಲ್ಲಿ ಬರೆದದ್ದನ್ನು ನಂಬಿ ಕೂರಬೇಡಿ, ನೋಟಿಸ್ ಹಿಡಿದುಕೊಂಡು ಈ ವಾರವೇ ಯಾರಾದರೂ ವಕೀಲರ ಹತ್ತಿರ ಹೋಗಿ.

ಎಲ್‌ಎಲ್‌ಬಿ ಕೊನೇ ವರ್ಷ

ಮೇಡಂ, ಒಂದು ಅನುಮಾನ. ಬ್ಯಾಂಕಿನ ಎದುರು ವ್ಯತ್ಯಾಸ ಇಲ್ಲ ಅಂದಿರಿ. ಬ್ಯಾಂಕ್ ಇಲ್ಲದಿದ್ದರೆ? ಸುಮ್ನೆ ಮಾಲೀಕ ಆ ಮನೆಯನ್ನು ಇನ್ನೊಬ್ಬರಿಗೆ ಮಾರಿಬಿಟ್ಟರೆ? ಆಗ ಯಾವ ಕಾಲಂ ಅನ್ನುವುದು ಮುಖ್ಯ ಆಗುತ್ತದಾ?

ನಿವೃತ್ತ ಉಪನೋಂದಣಾಧಿಕಾರಿ

ಆಗ ತುಂಬಾ ಮುಖ್ಯ. ನೋಂದಣಿ ಆದ ಭೋಗ್ಯವಾದರೆ ಆ 15 ಲಕ್ಷ ಮನೆಗೇ ಅಂಟಿಕೊಂಡಿರುತ್ತದೆ. ಕೊಂಡವನು ಆ ಹಣ ಕೊಟ್ಟೇ ನಿಮ್ಮನ್ನು ಎಬ್ಬಿಸಬೇಕು. ಕೊಡುವ ತನಕ ನೀವು ಒಳಗೇ ಇರಬಹುದು. ಬರೀ ಲೀಸ್ ಆದರೆ ಕೊಂಡವನು ನಿಮ್ಮ ಅವಧಿಯನ್ನು ಗೌರವಿಸಬೇಕು, ಅಷ್ಟೆ. ಅವಧಿ ಮುಗಿದ ದಿನ “ಹಣ ಹಳೇ ಮಾಲೀಕರಿಗೆ ಕೊಟ್ಟಿದ್ದೀರಿ, ಅವರನ್ನೇ ಕೇಳಿ” ಅಂತ ವಾದ ತೆಗೆಯುತ್ತಾನೆ. ಅಲ್ಲಿಂದ ಜಗಳ ಶುರು.

ಭೋಗ್ಯಕ್ಕೂ ಒಂದು ಮಿತಿ ಇದೆ. ಭೋಗ್ಯ ಹಿಡಿದವನು “ಮನೆ ಹರಾಜು ಹಾಕಿಸಿ ನನ್ನ ಹಣ ಕೊಡಿಸಿ” ಅಂತ ಕೇಳುವಂತಿಲ್ಲ. ಸೆಕ್ಷನ್ 67 ಅದನ್ನು ತಡೆಯುತ್ತದೆ. ಅವನ ಬಲ ಇರುವುದು ಸ್ವಾಧೀನದಲ್ಲಿ. ಅದಕ್ಕೇ ಹಳಬರು ಹಣ ಕೈಗೆ ಬರುವ ತನಕ ಬೀಗದ ಕೈ ಕೊಡುತ್ತಿರಲಿಲ್ಲ.

ಮೈಸೂರು ವಕೀಲೆ

ಸರ್, ಇಲ್ಲಿ ಮಾತ್ರ ನಾನು ನಿಮ್ಮನ್ನು ಪೂರ್ತಿ ಒಪ್ಪುವುದಿಲ್ಲ. ಹಣ ವಾಪಸ್ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಅದು ಅಡಮಾನ ಆಗುವುದಿಲ್ಲ. ಅಂಗಡಿ ಮಳಿಗೆಗಳಿಗೆ ದೊಡ್ಡ ಡೆಪಾಸಿಟ್ ಕೊಡುತ್ತಾರೆ, ಅದೂ ವಾಪಸ್ ಬರುತ್ತದೆ, ಅದನ್ನು ಯಾರೂ ಅಡಮಾನ ಅನ್ನುವುದಿಲ್ಲ. ನೋಡಬೇಕಾದದ್ದು, ಇಲ್ಲಿ ಒಂದು ಸಾಲ ಇದೆಯಾ, ಆ ಸಾಲಕ್ಕೆ ಭದ್ರತೆ ಅಂತ ಮನೆ ಕೊಟ್ಟಿದ್ದಾರಾ ಅಂತ. ಬೆಂಗಳೂರಿನಲ್ಲಿ ಮನೆ ಹುಡುಕುತ್ತಾ ಬಂದವನು “ನಾನು ಮಾಲೀಕರಿಗೆ ಸಾಲ ಕೊಡುತ್ತಿದ್ದೇನೆ” ಅಂತ ಅಂದುಕೊಂಡಿರುತ್ತಾನಾ? ಅವನಿಗೆ ಬೇಕಿದ್ದು ಇರಲು ಮನೆ.

ನಿವೃತ್ತ ಉಪನೋಂದಣಾಧಿಕಾರಿ

ಮೇಡಂ, ಅವನು ಅಂದುಕೊಂಡಿರಲಿಕ್ಕಿಲ್ಲ. ಮಾಲೀಕ ಅಂದುಕೊಂಡಿರುತ್ತಾನೆ! ಲೆಕ್ಕ ಹಾಕಿ ನೋಡಿ. ಆ ಮನೆಗೆ ತಿಂಗಳಿಗೆ 18,000 ಬಾಡಿಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 2,16,000. ಅದನ್ನು ಬಿಟ್ಟುಕೊಟ್ಟು 15 ಲಕ್ಷ ತೆಗೆದುಕೊಂಡ ಅಂದರೆ ಶೇ. 14.4 ಬಡ್ಡಿಗೆ ಸಾಲ ತೆಗೆದ ಹಾಗೆ. ಮನೆ ಸಾಲ ಅದಕ್ಕಿಂತ ಕಡಿಮೆ ಬಡ್ಡಿಗೆ ಸಿಗುವ ಕಾಲದಲ್ಲಿ ಯಾಕೆ ಶೇ. 14.4 ಕೊಡುತ್ತಾನೆ? ಬ್ಯಾಂಕಿನವರು ಇನ್ನು ಕೊಡುವುದಿಲ್ಲ ಅಂದಿರುತ್ತಾರೆ, ಅದಕ್ಕೆ. ಎಲ್ಲರೂ ಹಾಗೆ ಅಂತಲ್ಲ. ಆದರೆ ಲೀಸ್ ಮೊತ್ತದ ಎದುರು ಬಾಡಿಗೆ ಜಾಸ್ತಿ ಅನ್ನಿಸಿದಷ್ಟೂ ಮಾಲೀಕನಿಗೆ ಹಣದ ತುರ್ತು ಜಾಸ್ತಿ ಅಂತ ನನ್ನ ಅನುಭವ.

ಮೈಸೂರು ವಕೀಲೆ

ಲೆಕ್ಕ ಒಪ್ಪುತ್ತೇನೆ. ಆದರೂ ಪತ್ರದಲ್ಲಿ “ಹಣ ಬರುವ ತನಕ ಸ್ವಾಧೀನದಲ್ಲಿ ಇರತಕ್ಕದ್ದು” ಅನ್ನುವ ಸಾಲು ಇದೆಯಾ ಇಲ್ಲವಾ ಅನ್ನುವುದರ ಮೇಲೆ ನಿಲ್ಲುತ್ತದೆ. ಆ ಸಾಲಿದ್ದರೆ ನಿಮ್ಮ ಕಡೆ ವಾಲುತ್ತೇನೆ. ಇಲ್ಲದಿದ್ದರೆ ಲೀಸ್ ಅಂತಲೇ ವಾದಿಸುತ್ತೇನೆ.

ಹಾವೇರಿ ಕಡೆಯವ

ನಮಸ್ಕಾರ ರೀ. ನಮ್ಮದು ಹೊಲದ ವಿಷಯ, ಇಲ್ಲೇ ಕೇಳುತ್ತೇನೆ. ನಮ್ಮ ಅಜ್ಜ 1996ರಲ್ಲಿ 2 ಎಕರೆ ಹೊಲವನ್ನು 40,000 ರೂಪಾಯಿಗೆ ಬರೆದುಕೊಟ್ಟರು. ಕಾಗದದ ಮೇಲೆ ‘ಕ್ರಯಪತ್ರ’ ಅಂತ ಇದೆ, ರಿಜಿಸ್ಟರ್ ಆಗಿದೆ. ಒಳಗೆ “5 ವರ್ಷದೊಳಗೆ ಹಣ ಮುಟ್ಟಿಸಿದರೆ ಜಮೀನು ತಿರುಗಿ ಬರೆದುಕೊಡತಕ್ಕದ್ದು” ಅಂತ ಇದೆ. ಹಣ ಮುಟ್ಟಿಸಲಿಲ್ಲ. ಅಜ್ಜ ತೀರಿಕೊಂಡರು. ಚಾರ್ಟಿನಲ್ಲಿ ಕ್ರಯ ಆದರೆ ವಾಪಸ್ ಬರುವುದಿಲ್ಲ ಅಂತ ಇದೆಯಲ್ಲ, ಹಾಗಾದರೆ ನಮ್ಮದು ಹೋಯಿತಾ?

ಬಾಂಡ್ ರೈಟರ್

ಹೋಯ್ತು ಅಣ್ಣ. ರಿಜಿಸ್ಟರ್ ಆದ ಕ್ರಯ, ಮುದ್ದತ್ತೂ ಮುಗಿದಿದೆ.

ಮೈಸೂರು ವಕೀಲೆ

ಅಷ್ಟು ಬೇಗ ಹೇಳಬೇಡಿ. ಅಡಮಾನದಲ್ಲಿ ಷರತ್ತಿನ ಕ್ರಯದ ರೂಪದ್ದೂ ಒಂದಿದೆ. ಹೊರಗೆ ಮಾರಾಟ, ಒಳಗೆ ಸಾಲ. ಇದಕ್ಕೆ ಕಾಯ್ದೆಯಲ್ಲಿ ಒಂದು ಬಾಗಿಲು ಇದೆ, 1929ರ ತಿದ್ದುಪಡಿಯಿಂದ ಬಂದದ್ದು: ತಿರುಗಿ ಬರೆದುಕೊಡುವ ಷರತ್ತು ಅದೇ ಪತ್ರದಲ್ಲಿ ಇರಬೇಕು. ಕ್ರಯಪತ್ರ ಒಂದು, ತಿರುಗಿ ಕೊಡುವ ಕರಾರು ಇನ್ನೊಂದು ಅಂತ ಎರಡು ಕಾಗದ ಆಗಿದ್ದರೆ ಆ ಬಾಗಿಲು ಮುಚ್ಚಿತು, ಅದನ್ನು ಅಡಮಾನ ಅನ್ನುವಂತಿಲ್ಲ. ಹಳ್ಳಿಗಳಲ್ಲಿ ಲೇವಾದೇವಿಯವರು ಬೇಕೆಂತಲೇ ಎರಡು ಕಾಗದ ಮಾಡಿಸುತ್ತಿದ್ದುದು ಇದಕ್ಕೇ.

ನಿಮ್ಮದು ಒಂದೇ ಪತ್ರ. ಹಾಗಾಗಿ ಬಾಗಿಲು ತೆರೆದಿದೆ. ಆದರೆ ಒಂದೇ ಪತ್ರದಲ್ಲಿದೆ ಅಂದ ಮಾತ್ರಕ್ಕೆ ಅಡಮಾನ ಅಂತ ಆಗಿಬಿಡುವುದಿಲ್ಲ. ಕೋರ್ಟು ಮೂರ್ನಾಲ್ಕು ವಿಷಯ ಕೇಳುತ್ತದೆ. 1996ರಲ್ಲಿ ಆ 2 ಎಕರೆಗೆ ಪಕ್ಕದ ಹೊಲಗಳು ಎಷ್ಟಕ್ಕೆ ಹೋಗುತ್ತಿದ್ದವು? 40,000 ಅದಕ್ಕಿಂತ ತೀರಾ ಕಡಿಮೆ ಇದ್ದರೆ ಸಾಲದ ಹಾಗೆ ಕಾಣುತ್ತದೆ. ಪತ್ರ ಆದ ಮೇಲೆ ಹೊಲ ಯಾರು ಉಳುತ್ತಿದ್ದರು? ಕಂದಾಯ ಯಾರು ಕಟ್ಟಿದರು? ಪಹಣಿಯಲ್ಲಿ ಹೆಸರು ಯಾವಾಗ ಬದಲಾಯಿತು, ಕೂಡಲೇನಾ, 5 ವರ್ಷ ಕಳೆದ ಮೇಲಾ?

ಅಡಮಾನ ಅಂತ ಆದರೆ ಮುದ್ದತ್ತು ಮುಗಿದರೂ ಬಿಡಿಸಿಕೊಳ್ಳುವ ಹಕ್ಕು ಹೋಗುವುದಿಲ್ಲ. “ಇಷ್ಟು ದಿನ ಆದ ಮೇಲೆ ಬಿಡಿಸಿಕೊಳ್ಳುವಂತಿಲ್ಲ” ಅಂತ ಪತ್ರದಲ್ಲೇ ಬರೆದರೂ ಕೋರ್ಟು ಒಪ್ಪುವುದಿಲ್ಲ. ಆದರೆ ಕಾಲಮಿತಿ ಕಾಯ್ದೆ 30 ವರ್ಷ ಅನ್ನುತ್ತದೆ. ಎಲ್ಲಿಂದ 30? 5 ವರ್ಷ ಮುಗಿದಲ್ಲಿಂದ ಎಣಿಸಿದರೆ 2031. “5 ವರ್ಷದೊಳಗೆ” ಅಂದರೆ ಮೊದಲ ದಿನವೇ ಹಣ ಕೊಡಬಹುದಿತ್ತು, ಹಾಗಾಗಿ 1996ರಿಂದಲೇ ಎಣಿಸಬೇಕು ಅಂತ ಎದುರಿನವರು ವಾದಿಸಿದರೆ 2026. ಪತ್ರದ ಆ ಒಂದು ಸಾಲಿನ ಮೇಲೆ ನಿಂತಿದೆ ಇದು. 2031 ಅಂತ ನಂಬಿ ಕೂರಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪತ್ರದ ದೃಢೀಕೃತ ನಕಲು ತೆಗೆಸಿ, 1995ರಿಂದ ಈಚಿನ ಪಹಣಿಗಳನ್ನೂ ತೆಗೆಸಿ.

ಹಾವೇರಿ ಕಡೆಯವ

ಪಹಣಿಯಲ್ಲಿ 2002ರ ತನಕ ಅಜ್ಜನ ಹೆಸರೇ ಇತ್ತು ಅಂತ ಕಾಕಾ ಹೇಳುತ್ತಾರೆ. ನಾಳೆ ತಾಲೂಕು ಕಚೇರಿಗೆ ಹೋಗುತ್ತೇನೆ ರೀ.

ಪುತ್ತೂರಿನವ

ಹಾವೇರಿಯವರೇ, ಹೆಸರು ಒಂದರಿಂದ ಇನ್ನೊಂದಕ್ಕೆ ಹಾರಿದರೆ ಎಂಥ ಆಗುತ್ತದೆ ಅಂತ ನಮ್ಮ ಊರಿನವರಿಗೆ ಚೆನ್ನಾಗಿ ಗೊತ್ತು. ಭೂ ಸುಧಾರಣೆ ಬಂದಾಗ 1974ರ ಮಾರ್ಚ್ 1ರಂದು ಗೇಣಿಗೆ ಉಳುತ್ತಿದ್ದವರಿಗೆ ಜಾಗ ಆಯಿತು. ಭೋಗ್ಯಕ್ಕೆ ಹಿಡಿದು ಉಳುತ್ತಿದ್ದವರಿಗೆ ಆಗಲಿಲ್ಲ. ಸ್ವಾಧೀನದಲ್ಲಿರುವ ಅಡಮಾನದಾರನನ್ನು ಗೇಣಿದಾರ ಅಂತ ಎಣಿಸಬಾರದು ಅಂತ ಆ ಕಾಯ್ದೆಯಲ್ಲೇ ಇದೆ. ಎರಡೂ ಮನೆಯವರು ಅದೇ ಗದ್ದೆಗೆ ಇಳಿದು ಅದೇ ನೇಜಿ ನೆಟ್ಟವರು. ಒಬ್ಬನಿಗೆ ಜಾಗ, ಇನ್ನೊಬ್ಬನಿಗೆ ಬರಿಗೈ. ಭೂ ನ್ಯಾಯಮಂಡಳಿಯಲ್ಲಿ ಆಗ ನಡೆದ ಜಗಳ ಎಷ್ಟೋ ಇದರದ್ದೇ.

ಮತ್ತೆ ಚಾರ್ಟಿನಲ್ಲಿ ಗುತ್ತಿಗೆ ಅವಧಿ ಮುಗಿದರೆ ವಾಪಸ್ ಅಂತ ಉಂಟಲ್ಲ, ನಮ್ಮ ಮೂಲಗೇಣಿಗೆ ಅವಧಿಯೇ ಇಲ್ಲ. ವಂಶಪಾರಂಪರ್ಯ. ಅದನ್ನು ಎಲ್ಲಿ ಹಾಕುತ್ತೀರಿ?

ಎಲ್‌ಎಲ್‌ಬಿ ಕೊನೇ ವರ್ಷ

ಗುತ್ತಿಗೆಯಲ್ಲೇ ಸರ್. ಸೆಕ್ಷನ್ 105ರಲ್ಲಿ ಶಾಶ್ವತ ಗುತ್ತಿಗೆಯೂ ಇದೆ. ಆ ಕೋಶದಲ್ಲಿ “ಶಾಶ್ವತವಾಗಿ ಕೊಟ್ಟಿದ್ದನ್ನು ಬಿಟ್ಟು” ಅಂತ ಸೇರಿಸುತ್ತೇನೆ.

ನಿವೃತ್ತ ಉಪನೋಂದಣಾಧಿಕಾರಿ

ಜೊತೆಗೆ ಇನ್ನೊಂದು ಟಿಪ್ಪಣಿ ಹಾಕಮ್ಮ. ಕರ್ನಾಟಕದಲ್ಲಿ ಈಗ ಕೃಷಿ ಜಮೀನನ್ನು ಹೊಸದಾಗಿ ಗೇಣಿಗೆ ಕೊಡುವಂತಿಲ್ಲ, ಸೈನಿಕರಂಥ ಕೆಲವರನ್ನು ಬಿಟ್ಟರೆ. ಚಾರ್ಟ್ ನೋಡಿ ಯಾರಾದರೂ ಹೊಲಕ್ಕೆ ಲೀಸ್ ಬರೆಸಲು ಹೊರಟಾರು.

ಅಮ್ಮನ ಮಗಳು

ಎಲ್ಲರೂ ಮನೆ, ಹೊಲ ಅಂತ ಮಾತಾಡುತ್ತಿದ್ದೀರಿ, ದಾನದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನಮ್ಮಮ್ಮ ಮೂರು ವರ್ಷದ ಹಿಂದೆ ಮನೆಯನ್ನು ನನ್ನ ತಮ್ಮನಿಗೆ ದಾನಪತ್ರ ಮಾಡಿಕೊಟ್ಟರು. ಈಗ ಅವನು ಊಟಕ್ಕೂ ಕೇಳುವುದಿಲ್ಲ. ಕ್ಯಾನ್ಸಲ್ ಮಾಡಿಸಬಹುದಾ?

ಬಾಂಡ್ ರೈಟರ್

ಮಾಡಿಸಬಹುದು ಅಕ್ಕ. ರದ್ದತಿ ಪತ್ರ ಬರೆಸಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಮ್ಮ ಸಹಿ ಹಾಕಿದರೆ ಆಯ್ತು.

ನಿವೃತ್ತ ಉಪನೋಂದಣಾಧಿಕಾರಿ

ಬಾಂಡ್ ರೈಟರ್ ಅವರೇ, ಇದನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ತಮ್ಮ ಒಪ್ಪಿ ತೆಗೆದುಕೊಂಡ ಮೇಲೆ ಮನೆ ಅವನದು. ಕೊಟ್ಟವರು ಒಬ್ಬರೇ ಬಂದು “ಮನಸ್ಸು ಬದಲಾಯಿತು” ಅಂತ ಸಹಿ ಹಾಕಿದರೆ ವಾಪಸ್ ಬರುವುದಿಲ್ಲ. ಮೋಸ, ಒತ್ತಾಯ ಆಗಿದ್ದರೆ, ಅಥವಾ ಸೆಕ್ಷನ್ 126ರ ಹಾಗೆ ಇಬ್ಬರೂ ಒಪ್ಪಿ ಮೊದಲೇ ಷರತ್ತು ಹಾಕಿದ್ದರೆ ಕೋರ್ಟಿಗೆ ಹೋಗಬಹುದು.

ಅಮ್ಮನಿಗೆ ಇನ್ನೊಂದು ದಾರಿ ಇದೆ. ವಯಸ್ಸು 60 ದಾಟಿದೆಯಾ? 2007ರ ಹಿರಿಯ ನಾಗರಿಕರ ಕಾಯ್ದೆಯ ಸೆಕ್ಷನ್ 23. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿ, ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಗಳ ಮುಂದೆ ರದ್ದು ಕೇಳಬಹುದು. ದಾನಪತ್ರದಲ್ಲಿ ಆ ಷರತ್ತು ಬರೆದಿದೆಯಾ?

ಅಮ್ಮನ ಮಗಳು

ಅಮ್ಮನಿಗೆ 71. ಪತ್ರದಲ್ಲಿ “ಪ್ರೀತಿ ವಿಶ್ವಾಸದಿಂದ” ಅಂತ ಮಾತ್ರ ಇದೆ. ನೋಡಿಕೊಳ್ಳುತ್ತೇನೆ ಅಂತ ಬಾಯಲ್ಲಿ ಹೇಳಿದ್ದ.

ಮೈಸೂರು ವಕೀಲೆ

ಅಲ್ಲೇ ಕಷ್ಟ ಇರುವುದು. 2022ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತು ಇತ್ತು ಅಂತ ತೋರಿಸಲೇಬೇಕು ಅಂತ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪೀಠ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವ ಹಾಗೆ ಓದಬೇಕು ಅಂತ ಹೇಳಿ ಒಬ್ಬ ತಾಯಿಯ ದಾನಪತ್ರ ರದ್ದಾಗಿದ್ದನ್ನು ಎತ್ತಿಹಿಡಿಯಿತು. ಆದರೆ ಆ ಕೇಸಿನಲ್ಲಿ ಮಗ ನೋಡಿಕೊಳ್ಳುತ್ತೇನೆ ಅಂತ ಬರೆದುಕೊಟ್ಟ ಕಾಗದ ಇತ್ತು. ನಿಮ್ಮಲ್ಲಿ ಬಾಯಿಮಾತು ಮಾತ್ರ. ತಮ್ಮನ ಹಳೆಯ ವಾಟ್ಸಾಪ್ ಸಂದೇಶ, ಪಂಚಾಯಿತಿ ಮಾಡಿದ ಹಿರಿಯರ ಮಾತು, ಏನಿದೆ ನೋಡಿ. ಅರ್ಜಿ ಹಾಕಬಹುದು, ಫಲ ಹೀಗೇ ಅಂತ ಹೇಳಲಾಗದು. ಮನೆ ವಾಪಸ್ ಬರದಿದ್ದರೂ ಅದೇ ಕಾಯ್ದೆಯಲ್ಲಿ ತಮ್ಮನಿಂದ ಜೀವನಾಂಶ ಕೇಳಬಹುದು, ಅದಕ್ಕೆ ಷರತ್ತು ತೋರಿಸಬೇಕಿಲ್ಲ.

ಇನ್ನೂ ದಾನ ಮಾಡದವರಿಗೆ ಒಂದು ಮಾತು. ಮನೆ ಬರೆದುಕೊಟ್ಟರೂ “ನಾನಿರುವ ತನಕ ವಾಸ ಮತ್ತು ಬಾಡಿಗೆ ನನ್ನದು” ಅಂತ ಉಳಿಸಿಕೊಳ್ಳಬಹುದು. ಹಾಗೆ ಉಳಿಸಿಕೊಂಡರೆ ದಾನ ಬಿದ್ದುಹೋಗುವುದಿಲ್ಲ ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸ್ಥಿರಾಸ್ತಿ ದಾನಕ್ಕೆ ಸ್ವಾಧೀನ ಬಿಟ್ಟುಕೊಡುವುದು ಕಡ್ಡಾಯ ಅಲ್ಲ.

ನಾಗರಬಾವಿ 2ನೇ ಮಹಡಿ

ಮೇಡಂ, ನೋಟಿಸ್ ಓದಿದೆ. 13(4) ಅಂತಲೇ ಇದೆ. ವಕೀಲರು ನಾಳೆ ಬನ್ನಿ ಅಂದಿದ್ದಾರೆ. ನಮ್ಮ ಕರಾರಿನಲ್ಲಿ “ಹಣ ಹಿಂದಿರುಗಿಸುವ ತನಕ ಸ್ವಾಧೀನ” ಅನ್ನುವ ಸಾಲು ಇದೆ, ಸಾಕ್ಷಿ ಸಹಿಯೂ ಎರಡಿದೆ. ನೋಂದಣಿ ಮಾತ್ರ ಇಲ್ಲ. ಈಗ ನೋಂದಣಿ ಮಾಡಿಸಬಹುದಾ?

ನಿವೃತ್ತ ಉಪನೋಂದಣಾಧಿಕಾರಿ

ಆಗುವುದಿಲ್ಲಪ್ಪ. ಸಹಿಯಾದ 4 ತಿಂಗಳೊಳಗೆ ಹಾಜರುಪಡಿಸಬೇಕು. ತಡವಾದರೆ ದಂಡ ಕಟ್ಟಿ ಇನ್ನು 4 ತಿಂಗಳು ಕೇಳಬಹುದು, ಅದೂ ಮುಗಿದಿದೆ. ಹೊಸ ಪತ್ರ ಮಾಡಿಸೋಣ ಅಂದರೆ ಮಾಲೀಕರು ಬರಬೇಕು. ಬಂದರೂ ಅದರ ತಾರೀಕು 2019ರ ನಂತರದ್ದೇ. ವಕೀಲರ ಹತ್ತಿರ ಹೋಗುವಾಗ ಕರಾರಿನ ಅಸಲು, ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್, ಇಸಿ, ಆ ನೋಟಿಸಿನ ಫೋಟೋ, ನಾಲ್ಕನ್ನೂ ತೆಗೆದುಕೊಂಡು ಹೋಗಿ. ಫೋಟೋದಲ್ಲಿ ಅಂಟಿಸಿದ ತಾರೀಕು ಕಾಣಬೇಕು. 45 ದಿನ ಎಣಿಸಲು ಅದು ಬೇಕಾಗುತ್ತದೆ.